ವೇತನರಹಿತ ಅಸಾಧಾರಣ ರಜೆ: ಯಾವ ಕಾರಣದಡಿ ಕೇಳಬೇಕು, ಯಾವ ನಮೂನೆ ಲಗತ್ತಿಸಬೇಕು

ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರು ಸಂಬಳವಿಲ್ಲದ ರಜೆ ಕೇಳುವಾಗ ಸಾಮಾನ್ಯವಾಗಿ ಒಂದೇ ಸಾಲು ಬರೆಯುತ್ತಾರೆ: "ಕೌಟುಂಬಿಕ ಕಾರಣದಿಂದ ಆರು ತಿಂಗಳ ಅಸಾಧಾರಣ ರಜೆ ನೀಡಬೇಕಾಗಿ ವಿನಂತಿ." ಸಂಬಳ ಹೇಗೂ ಇಲ್ಲ, ಕಾರಣ ಏನು ಬರೆದರೇನು ಅಂತ ಅವರ ಲೆಕ್ಕ. ಆದರೆ ಅಸಾಧಾರಣ ರಜೆಯಲ್ಲಿ ಮೂರು ಬಗೆ ಇದೆ. ಮೂರರಲ್ಲೂ ರಜೆಯ ತಿಂಗಳುಗಳ ಸಂಬಳ ಸೊನ್ನೆಯೇ. ವ್ಯತ್ಯಾಸ ಕಾಣುವುದು ವಾಪಸ್ ಬಂದ ಮೇಲೆ. ಇನ್‌ಕ್ರಿಮೆಂಟ್ ಉಳಿಯಿತಾ, ಸೇವೆಯ ಲೆಕ್ಕಕ್ಕೆ ಆ ತಿಂಗಳುಗಳು ಸೇರಿದವಾ ಅನ್ನುವುದು ಅರ್ಜಿಯಲ್ಲಿ ಬರೆದ ಕಾರಣ ಮತ್ತು ಜೊತೆಗಿಟ್ಟ ಕಾಗದದ ಮೇಲೆ ನಿಂತಿದೆ.

ಇಲ್ಲಿ ಹೇಳುತ್ತಿರುವುದು ಕೇಂದ್ರ ನಾಗರಿಕ ಸೇವಾ (ರಜೆ) ನಿಯಮಗಳು, 1972ರ ವಿಷಯ. ಅದರಲ್ಲಿ ಅಸಾಧಾರಣ ರಜೆ ಬರುವುದು ನಿಯಮ 32ರಲ್ಲಿ. ಕರ್ನಾಟಕ ಸರ್ಕಾರದ ನೌಕರರಿಗೆ ರಾಜ್ಯದ್ದೇ ನಾಗರಿಕ ಸೇವಾ ನಿಯಮಾವಳಿ ಇದೆ. ಅಲ್ಲಿನ ನಿಯಮದ ಸಂಖ್ಯೆಗಳು, ನಮೂನೆಗಳು ಬೇರೆ. ಹಾಗಾಗಿ ಇಲ್ಲಿನ ಸಂಖ್ಯೆಗಳನ್ನು ಅಲ್ಲಿಗೆ ಹಾಗೇ ಎತ್ತಿಕೊಳ್ಳಬೇಡಿ.

ಮೊದಲು ನಿಯಮ ಏನು ಹೇಳುತ್ತದೆ

ಅಸಾಧಾರಣ ರಜೆ ಎರಡು ಸಂದರ್ಭದಲ್ಲಿ ಸಿಗುತ್ತದೆ. ಬೇರೆ ಯಾವ ರಜೆಯೂ ಲೆಕ್ಕದಲ್ಲಿ ಇಲ್ಲದಿದ್ದಾಗ ಒಂದು. ಬೇರೆ ರಜೆ ಇದ್ದರೂ ನೌಕರರೇ "ನನಗೆ ಅಸಾಧಾರಣ ರಜೆಯೇ ಬೇಕು" ಅಂತ ಬರೆದುಕೊಟ್ಟಾಗ ಇನ್ನೊಂದು. ಈ ಎರಡನೆಯದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಗೊತ್ತಿದ್ದವರಲ್ಲಿ ಕೆಲವರು ಅದನ್ನು ತಪ್ಪಾದ ಕಡೆ ಬಳಸುತ್ತಾರೆ. ಅದು ಹೇಗೆ ಅಂತ ಮುಂದೆ ಲೆಕ್ಕ ಹಾಕಿ ನೋಡೋಣ.

ರಜೆ ಯಾರ ಹಕ್ಕೂ ಅಲ್ಲ. ಕೆಲಸದ ಒತ್ತಡ ಇದ್ದರೆ ಮೇಲಧಿಕಾರಿ ನಿರಾಕರಿಸಬಹುದು. ಆದರೆ ನಿಯಮ 7ರಲ್ಲಿ ನೌಕರರ ಪರವಾಗಿ ಒಂದು ಮಾತಿದೆ. ನೀವು ಕೇಳಿದ ರಜೆ ನಿಮ್ಮ ಲೆಕ್ಕದಲ್ಲಿ ಇದ್ದರೆ, ಮಂಜೂರು ಮಾಡುವವರು ಅದನ್ನು ತಾವಾಗಿಯೇ ಬೇರೆ ಬಗೆಯ ರಜೆಗೆ ಬದಲಾಯಿಸುವಂತಿಲ್ಲ. ನೀವು ಬರೆದು ಕೇಳಿದರೆ ಮಾತ್ರ ಬದಲಾವಣೆ. ಅಂದರೆ ಆಯ್ಕೆಯ ಹೊಣೆ ಅರ್ಜಿ ಬರೆಯುವವರ ಮೇಲೆ ಬೀಳುತ್ತದೆ. ನೀವು ಅರೆಬರೆ ಬರೆದದ್ದನ್ನು ಕಚೇರಿ ತಾನಾಗಿ ಸರಿಮಾಡಿಕೊಡುತ್ತದೆ ಅಂತ ಕಾಯುವುದು ಬೇಡ.

ಮೂರು ಬಗೆ, ಮೂರು ಫಲ

ಮೊದಲನೆಯದು ವೈದ್ಯಕೀಯ ಪ್ರಮಾಣಪತ್ರದ ಮೇಲಿನ ಅಸಾಧಾರಣ ರಜೆ. ನಷ್ಟ ಅತಿ ಕಡಿಮೆ ಇರುವುದು ಇದರಲ್ಲಿ. ಈ ಅವಧಿ ವಾರ್ಷಿಕ ವೇತನ ಬಡ್ತಿಗೂ ಲೆಕ್ಕಕ್ಕೆ ಬರುತ್ತದೆ, ಪಿಂಚಣಿಯ ಅರ್ಹ ಸೇವೆಗೂ ಸೇರುತ್ತದೆ. ಸಂಬಳ ಹೋಯಿತು ಅನ್ನುವುದನ್ನು ಬಿಟ್ಟರೆ ಸೇವಾ ಪುಸ್ತಕದಲ್ಲಿ ದೊಡ್ಡ ಕುಳಿ ಬೀಳುವುದಿಲ್ಲ.

ಆದರೆ ಇಲ್ಲೇ ಜಾಸ್ತಿ ಗೊಂದಲ. ವೈದ್ಯಕೀಯ ಪ್ರಮಾಣಪತ್ರ ಅಂದರೆ ನೌಕರರ ಸ್ವಂತ ಕಾಯಿಲೆಯ ಪ್ರಮಾಣಪತ್ರ. ಅಮ್ಮನಿಗೆ ಪಾರ್ಶ್ವವಾಯು ಆಗಿದೆ, ಅಪ್ಪನಿಗೆ ಡಯಾಲಿಸಿಸ್ ನಡೆಯುತ್ತಿದೆ ಅಂತ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯನ್ನು ಪಿನ್ ಮಾಡಿ ಕೊಟ್ಟುಬಿಟ್ಟರೆ ನಿಮ್ಮ ರಜೆ ವೈದ್ಯಕೀಯ ರಜೆ ಆಗುವುದಿಲ್ಲ. ಆ ಕಾಗದ ಕಾರಣವನ್ನು ಸಾಬೀತು ಮಾಡುತ್ತದೆ, ಮಂಜೂರಾತಿಗೆ ನೆರವಾಗುತ್ತದೆ, ಅಷ್ಟೇ. ರಜೆಯ ಬಗೆ ಮಾತ್ರ "ವೈದ್ಯಕೀಯ ಪ್ರಮಾಣಪತ್ರ ಇಲ್ಲದೆ" ಅಂತಲೇ ದಾಖಲಾಗುತ್ತದೆ. ಹಾಗಂತ ತಮ್ಮ ಹೆಸರಿಗೆ ಸುಮ್ನೆ ಒಂದು ಬೆನ್ನುನೋವಿನ ಸರ್ಟಿಫಿಕೇಟ್ ಮಾಡಿಸಲು ಹೋಗುವವರಿದ್ದಾರೆ. ಕಚೇರಿ ಎರಡನೇ ವೈದ್ಯಕೀಯ ಅಭಿಪ್ರಾಯ ಕೇಳಬಹುದು ಅಂತ ನಿಯಮ 19ರಲ್ಲೇ ಇದೆ. ಕೇಳಿದರೆ ರಜೆಯ ಪ್ರಶ್ನೆ ಹೋಗಿ ಶಿಸ್ತುಕ್ರಮದ ಪ್ರಶ್ನೆ ಬರುತ್ತದೆ.

ಎರಡನೆಯದು ಸ್ವಂತ ಕೆಲಸಕ್ಕೆ, ಅಂದರೆ ಪ್ರಮಾಣಪತ್ರ ಇಲ್ಲದ ರಜೆ. ತಂದೆತಾಯಿಯ ಆರೈಕೆ, ವಿದೇಶದಲ್ಲಿರುವ ಗಂಡನ ಅಥವಾ ಹೆಂಡತಿಯ ಜೊತೆ ಇರುವುದು, ಆಸ್ತಿ ವ್ಯಾಜ್ಯ, ಎಲ್ಲವೂ ಇದರೊಳಗೆ. ಈ ಅವಧಿ ಇನ್‌ಕ್ರಿಮೆಂಟಿಗೆ ಲೆಕ್ಕವಿಲ್ಲ, ಅರ್ಹ ಸೇವೆಗೂ ಇಲ್ಲ.

ಮೂರನೆಯದು ಓದಿಗೆ. ಸರ್ಕಾರಿ ಕೆಲಸಕ್ಕೆ ಉಪಯುಕ್ತವಾದ ಉನ್ನತ ವ್ಯಾಸಂಗ ಆದರೆ ಆ ಅವಧಿಯನ್ನು ಪಿಂಚಣಿಗೆ ಸೇರಿಸಲು ನೇಮಕಾತಿ ಪ್ರಾಧಿಕಾರಕ್ಕೆ ಅಧಿಕಾರ ಇದೆ. ಆದರೆ ಅದನ್ನು ರಜೆ ಮಂಜೂರು ಮಾಡುವ ಹೊತ್ತಿಗೇ ಹೇಳಬೇಕು. ವಾಪಸ್ ಬಂದ ಮೇಲೆ "ನಾನು ಓದಲು ಹೋಗಿದ್ದೆ" ಅಂದರೆ ಕಷ್ಟ. ಹಾಗಾಗಿ ಅರ್ಜಿಯಲ್ಲೇ ಎರಡು ಬೇಡಿಕೆ ಇರಲಿ: ರಜೆ ಬೇಕು, ಮತ್ತು ಆ ರಜೆಯನ್ನು ಅರ್ಹ ಸೇವೆ ಎಂದು ಆದೇಶದಲ್ಲೇ ನಮೂದಿಸಬೇಕು. ಇನ್‌ಕ್ರಿಮೆಂಟಿಗೂ ಹೀಗೇ. ಉನ್ನತ ವೈಜ್ಞಾನಿಕ, ತಾಂತ್ರಿಕ ವ್ಯಾಸಂಗಕ್ಕೆ ವಿನಾಯಿತಿ ಸಿಗುವ ದಾರಿ ಇದೆ, ಆದರೆ ಬೇರೆಯಾಗಿ ಆದೇಶ ಬೇಕು.

ಓದಿಗೆ ಹೋಗುವವರಿಗೆ ನನ್ನ ಸಲಹೆ ಬೇರೆಯೇ. ಐದು ವರ್ಷ ಸೇವೆ ಆಗಿದ್ದು, ನಿಮ್ಮ ಕೋರ್ಸಿಗೆ ಕಚೇರಿಯ ಕೆಲಸದ ನಂಟು ಇದ್ದರೆ ಮೊದಲು ವ್ಯಾಸಂಗ ರಜೆ ಕೇಳಿ. ಇಡೀ ಸೇವೆಯಲ್ಲಿ 24 ತಿಂಗಳವರೆಗೆ ಸಿಗುತ್ತದೆ, ಅದರಲ್ಲಿ ಸಂಬಳವೂ ಇದೆ. ಬಾಂಡ್ ಬರೆದುಕೊಡಬೇಕು ಅನ್ನುವ ಕಾರಣಕ್ಕೆ ಹಿಂಜರಿದು ಅಸಾಧಾರಣ ರಜೆಗೆ ಬರುವುದು ಅರ್ಥವಿಲ್ಲದ ಉಳಿತಾಯ.

ಕೇಳುವ ಮೊದಲು ಇವು ಇವೆಯಾ ನೋಡಿ

ಮಗುವಿನ ಕಾರಣಕ್ಕೆ ರಜೆ ಬೇಕಿದ್ದರೆ ಅಸಾಧಾರಣ ರಜೆಯ ಬಳಿ ಹೋಗುವ ಮೊದಲು ಮಕ್ಕಳ ಪಾಲನಾ ರಜೆ ನೋಡಬೇಕು. ಮಹಿಳಾ ನೌಕರರಿಗೆ ಮತ್ತು ಒಂಟಿಯಾಗಿ ಮಕ್ಕಳನ್ನು ಸಾಕುವ ಪುರುಷ ನೌಕರರಿಗೆ ಇಡೀ ಸೇವೆಯಲ್ಲಿ 730 ದಿನ ಇದೆ. ಮೊದಲ 365 ದಿನಕ್ಕೆ ಪೂರ್ತಿ ಸಂಬಳ, ಮುಂದಿನ 365 ದಿನಕ್ಕೆ ಶೇಕಡ 80. ಮಗುವಿನ ಪರೀಕ್ಷೆಗೂ ಇದನ್ನು ಕೇಳಬಹುದು. ಇಷ್ಟಿದ್ದೂ ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಕೂರುವ ತಾಯಂದಿರನ್ನು ನೋಡಿದರೆ ಬೇಸರವಾಗುತ್ತದೆ. ಕಚೇರಿಯಲ್ಲಿ ಯಾರೂ ಹೇಳಿರುವುದಿಲ್ಲ, ಅಲ್ವಾ?

ಸ್ವಂತ ಕಾಯಿಲೆ ಆಗಿದ್ದು ಎಲ್ಲ ರಜೆಯೂ ಮುಗಿದಿದ್ದರೆ ಕಾಯಂ ನೌಕರರಿಗೆ ಇನ್ನೊಂದು ಬಾಗಿಲಿದೆ. ಇನ್ನೂ ಗಳಿಸದ, ಮುಂದೆ ಗಳಿಸಲಿರುವ ಅರ್ಧ ವೇತನ ರಜೆಯನ್ನು ಮುಂಗಡವಾಗಿ ಪಡೆಯಬಹುದು. ಇಡೀ ಸೇವೆಯಲ್ಲಿ ಗರಿಷ್ಠ 360 ದಿನ. ಅರ್ಧ ಸಂಬಳವಾದರೂ ಬರುತ್ತದೆ. ಮುಂದೆ ಜಮೆಯಾಗುವ ಅರ್ಧ ವೇತನ ರಜೆಯಿಂದ ಅದನ್ನು ಕಳೆದುಕೊಳ್ಳುತ್ತಾರೆ. ನಿವೃತ್ತಿ ಹತ್ತಿರ ಇರುವವರಿಗೆ ಇದು ಅಷ್ಟಾಗಿ ಸಿಗುವುದಿಲ್ಲ, ಯಾಕೆಂದರೆ ತೀರಿಸುವಷ್ಟು ಸೇವೆ ಬಾಕಿ ಇರಬೇಕು.

ತಂದೆತಾಯಿಯ ಆರೈಕೆಗೆ ಇವೆರಡೂ ಇಲ್ಲ. ಅದಕ್ಕೆ ರಜೆ ಕೇಳುವವರಿಗೆ ಉಳಿಯುವುದು ಗಳಿಕೆ ರಜೆ, ಅರ್ಧ ವೇತನ ರಜೆ, ಆಮೇಲೆ ಅಸಾಧಾರಣ ರಜೆ. ಅರ್ಧ ವೇತನ ರಜೆಗೆ ಸ್ವಂತ ಕಾಯಿಲೆಯೇ ಆಗಬೇಕು ಅಂತಿಲ್ಲ, ಸ್ವಂತ ಕೆಲಸಕ್ಕೂ ತೆಗೆದುಕೊಳ್ಳಬಹುದು. ಇದನ್ನು ಮರೆಯುವವರು ಬಹಳ.

ಒಂದು ಲೆಕ್ಕ ಹಾಕಿ ನೋಡೋಣ

ಬೆಂಗಳೂರಿನ ಒಂದು ಕೇಂದ್ರ ಕಚೇರಿಯ ಸಹಾಯಕಿ ಅಂದುಕೊಳ್ಳಿ. ಕಾಯಂ ನೌಕರಿ. ಲೆವೆಲ್ 6, ಮೂಲ ವೇತನ 44,900 ರೂಪಾಯಿ. ಪ್ರತಿ ಜುಲೈ 1ಕ್ಕೆ ಇನ್‌ಕ್ರಿಮೆಂಟ್. ಅಮ್ಮನಿಗೆ ಪಾರ್ಶ್ವವಾಯು. 2024ರ ಸೆಪ್ಟೆಂಬರ್ 1ರಿಂದ 2025ರ ಏಪ್ರಿಲ್ 30ರವರೆಗೆ ಎಂಟು ತಿಂಗಳು ರಜೆ ಬೇಕು. ಲೆಕ್ಕದಲ್ಲಿ 30 ದಿನ ಗಳಿಕೆ ರಜೆ, 31 ದಿನ ಅರ್ಧ ವೇತನ ರಜೆ ಇದೆ.

ಮೊದಲ ದಾರಿ: "ಗಳಿಕೆ ರಜೆ ಇರಲಿ, ನಿವೃತ್ತಿ ಹೊತ್ತಿಗೆ ನಗದು ಮಾಡಿಕೊಳ್ಳಬಹುದು" ಅಂತ ಇಡೀ 242 ದಿನಕ್ಕೂ ಅಸಾಧಾರಣ ರಜೆಯನ್ನೇ ಬರೆದುಕೊಡುವುದು. ನಿಯಮ ಇದಕ್ಕೆ ಅವಕಾಶ ಕೊಡುತ್ತದೆ. ಆದರೆ 2024ರ ಜುಲೈಯಿಂದ 2025ರ ಜೂನ್‌ವರೆಗಿನ ಹನ್ನೆರಡು ತಿಂಗಳಲ್ಲಿ ಇನ್‌ಕ್ರಿಮೆಂಟಿಗೆ ಲೆಕ್ಕವಾಗುವುದು ಜುಲೈ, ಆಗಸ್ಟ್, ಮೇ, ಜೂನ್ ಮಾತ್ರ. ಒಟ್ಟು ನಾಲ್ಕು ತಿಂಗಳು. ಬೇಕಾದದ್ದು ಕನಿಷ್ಠ ಆರು. ಆ ಜುಲೈಯ ಇನ್‌ಕ್ರಿಮೆಂಟ್ ಮುಂದಕ್ಕೆ ಹೋಯಿತು.

ಅದರ ಬೆಲೆ ಎಷ್ಟು? ಮುಂದಿನ ಮೆಟ್ಟಿಲು 46,200. ವ್ಯತ್ಯಾಸ ತಿಂಗಳಿಗೆ 1,300. ಇನ್‌ಕ್ರಿಮೆಂಟ್ ಒಂದು ವರ್ಷ ಮುಂದೆ ಹೋದರೆ 15,600 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ ಬೇರೆ. ವರ್ಷಕ್ಕೆ ನಿಲ್ಲುವ ನಷ್ಟವೂ ಅಲ್ಲ ಅದು. ಆಮೇಲಿನ ಪ್ರತಿ ಇನ್‌ಕ್ರಿಮೆಂಟೂ ಒಂದು ಮೆಟ್ಟಿಲು ಹಿಂದಿನಿಂದಲೇ ಶುರುವಾಗುತ್ತದೆ.

ಎರಡನೇ ದಾರಿ: ಸೆಪ್ಟೆಂಬರ್ ಪೂರ್ತಿ ಗಳಿಕೆ ರಜೆ, ಅಕ್ಟೋಬರ್ ಪೂರ್ತಿ ಅರ್ಧ ವೇತನ ರಜೆ, ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ 181 ದಿನ ಅಸಾಧಾರಣ ರಜೆ. ಸಾಂದರ್ಭಿಕ ರಜೆ ಒಂದನ್ನು ಬಿಟ್ಟು ಉಳಿದ ರಜೆಗಳನ್ನು ಹೀಗೆ ಒಂದರ ಹಿಂದೆ ಒಂದು ಜೋಡಿಸಬಹುದು. ಸಂಬಳ ಬರುವ ರಜೆ ಇನ್‌ಕ್ರಿಮೆಂಟಿಗೆ ಲೆಕ್ಕಕ್ಕೆ ಬರುತ್ತದೆ. ಈಗ ಜುಲೈಯಿಂದ ಅಕ್ಟೋಬರ್‌ವರೆಗೆ ನಾಲ್ಕು ತಿಂಗಳು, ಮೇ ಮತ್ತು ಜೂನ್ ಎರಡು, ಒಟ್ಟು ಆರು ತಿಂಗಳು ತುಂಬಿತು. 2025ರ ಜುಲೈ 1ರ ಇನ್‌ಕ್ರಿಮೆಂಟ್ ಉಳಿಯಿತು. ಜೊತೆಗೆ ಒಂದು ತಿಂಗಳ ಪೂರ್ತಿ ಸಂಬಳ, ಇನ್ನೊಂದು ತಿಂಗಳ ಅರ್ಧ ಸಂಬಳ ಕೈಗೆ ಬಂತು. ರಜೆ ಅದೇ ಎಂಟು ತಿಂಗಳು. ಬದಲಾದದ್ದು ಅರ್ಜಿಯ ಒಂದು ಕಲಂ.

ಇಲ್ಲಿ ಅಂಚು ಬಹಳ ತೆಳ್ಳಗಿದೆ ಅನ್ನುವುದನ್ನೂ ನೋಡಿ. ಮೇ ತಿಂಗಳಲ್ಲಿ ಹತ್ತು ದಿನ ಅಸಾಧಾರಣ ರಜೆ ಮುಂದುವರಿಸಿದರೆ ಆರು ತಿಂಗಳು ತುಂಬುವುದಿಲ್ಲ. ಅದಕ್ಕೇ ಮೂರನೇ ದಾರಿ ಇನ್ನೂ ಒಳ್ಳೆಯದು. ಜನವರಿ 1ಕ್ಕೆ ಎಲ್ಲರ ಲೆಕ್ಕಕ್ಕೂ 15 ದಿನ ಗಳಿಕೆ ರಜೆ, 10 ದಿನ ಅರ್ಧ ವೇತನ ರಜೆ ಮುಂಗಡ ಜಮೆಯಾಗುತ್ತದೆ. ಹಿಂದಿನ ಅರ್ಧ ವರ್ಷದಲ್ಲಿ ಅಸಾಧಾರಣ ರಜೆ ಇದ್ದರೆ ಅದರ ಹತ್ತನೇ ಒಂದು ಭಾಗ ಗಳಿಕೆ ರಜೆಯಿಂದ ಕಡಿತ. ನವೆಂಬರ್, ಡಿಸೆಂಬರ್ ಸೇರಿ 61 ದಿನ. ಆರು ದಿನ ಕಡಿತವಾಗಿ ಒಂಬತ್ತು ದಿನ ಜಮೆ. ಅರ್ಧ ವೇತನ ರಜೆಗೆ ಈ ಕಡಿತ ಇಲ್ಲ, ಹತ್ತೂ ಸಿಗುತ್ತದೆ. ಡಿಸೆಂಬರ್‌ನಲ್ಲೇ ಇನ್ನೊಂದು ಅರ್ಜಿ ಕೊಟ್ಟು ಜನವರಿಯ ಮೊದಲ 19 ದಿನ ಈ ರಜೆಗಳನ್ನೇ ಹಾಕಿಕೊಂಡರೆ ಅಸಾಧಾರಣ ರಜೆ 162 ದಿನಕ್ಕೆ ಇಳಿಯುತ್ತದೆ. ಅಮ್ಮನ ಆರೈಕೆ ಮೇ ತಿಂಗಳಿಗೆ ಒಂದಿಷ್ಟು ಎಳೆದರೂ ಇನ್‌ಕ್ರಿಮೆಂಟಿಗೆ ಅಪಾಯವಿಲ್ಲ. ಕಚೇರಿ ಇದನ್ನು ತಾನಾಗಿ ಮಾಡುವುದಿಲ್ಲ, ಕೇಳಬೇಕು.

ಇನ್ನು ಪಿಂಚಣಿ. ಜನ ಹೆಚ್ಚು ಹೆದರುವುದು ಇದಕ್ಕೇ. ಹಳೆಯ ಪಿಂಚಣಿಯಲ್ಲಿ ಇರುವವರಿಗೆ ಹತ್ತು ವರ್ಷ ಅರ್ಹ ಸೇವೆ ಆಗಿದ್ದರೆ ಪಿಂಚಣಿಯ ದರ ಪೂರ್ತಿ ಶೇಕಡ 50. ಆರು ತಿಂಗಳು ಕಡಿಮೆಯಾದರೂ ಆ ದರ ಬದಲಾಗುವುದಿಲ್ಲ. ಏಟು ಬೀಳುವುದು ಗ್ರಾಚ್ಯುಟಿಗೆ. ಪ್ರತಿ ಪೂರ್ಣ ಅರ್ಧ ವರ್ಷಕ್ಕೆ ಕೊನೆಯ ಸಂಬಳದ ಕಾಲು ಭಾಗ. ಆರು ತಿಂಗಳು ಹೋದರೆ ಆ ಒಂದು ಕಾಲು ಭಾಗ ಹೋಯಿತು. ಮೂವತ್ತಮೂರು ವರ್ಷ ಮೀರಿ ಸೇವೆ ಇರುವವರಿಗೆ ಅದೂ ತಟ್ಟುವುದಿಲ್ಲ, ಯಾಕೆಂದರೆ ಗ್ರಾಚ್ಯುಟಿ ಹದಿನಾರೂವರೆ ತಿಂಗಳ ಸಂಬಳಕ್ಕೆ ನಿಂತುಬಿಡುತ್ತದೆ.

ಎನ್‌ಪಿಎಸ್‌ನಲ್ಲಿ ಇರುವವರ ಕಥೆ ಬೇರೆ. ಕೌಟುಂಬಿಕ ಕಾರಣದ ರಜೆಯಲ್ಲಿ ಸಂಬಳ ಇಲ್ಲದ ತಿಂಗಳು ಅವರ ಕಂತೂ ಇಲ್ಲ, ಸರ್ಕಾರದ ಶೇಕಡ 14ರ ಪಾಲೂ ಇಲ್ಲ. 44,900ಕ್ಕೆ ಲೆಕ್ಕ ಹಾಕಿದರೆ ಮೂಲ ವೇತನದ ಮೇಲೆ ಮಾತ್ರ ತಿಂಗಳಿಗೆ 6,286 ರೂಪಾಯಿ. ಆರು ತಿಂಗಳಿಗೆ 37,716. ತುಟ್ಟಿಭತ್ಯೆ ಸೇರಿದರೆ ಇನ್ನೂ ಜಾಸ್ತಿ. ಹಾಗಾಗಿ ಎನ್‌ಪಿಎಸ್ ನೌಕರರಿಗೆ ಸಂಬಳ ಬರುವ ಒಂದೊಂದು ದಿನದ ರಜೆಯೂ ಮೊದಲು ಬಳಸಬೇಕಾದದ್ದೇ. ಗಳಿಕೆ ರಜೆಯನ್ನು ನಗದಿಗಾಗಿ ಕೂಡಿಡುವ ಲೆಕ್ಕ ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.

ಯಾವ ಕಾಗದ, ಎಲ್ಲಿ ಏನು ಬರೆಯಬೇಕು

ಎಲ್ಲ ಬಗೆಗೂ ನಮೂನೆ 1 ಬೇಕು. ರಜೆ ಕೇಳಲೂ ಇದೇ, ಮುಂದುವರಿಸಲೂ ಇದೇ. ಅದರಲ್ಲಿ ಹೆಸರು, ಹುದ್ದೆ, ವೇತನದ ಜೊತೆ ರಜೆಯ ಬಗೆ ಮತ್ತು ಅವಧಿ, ಕಾರಣ, ಹಿಂದಿನ ರಜೆಯಿಂದ ವಾಪಸ್ ಬಂದ ದಿನ, ರಜೆಯಲ್ಲಿ ಇರುವ ವಿಳಾಸ ಕೇಳುತ್ತಾರೆ. ಬಗೆಯ ಕಲಂನಲ್ಲಿ ಬರೇ "ರಜೆ" ಅಂತ ಬರೆಯದೆ ಬಿಡಿಸಿ ಬರೆಯಿರಿ. ನಮ್ಮ ಸಹಾಯಕಿಯ ಅರ್ಜಿಯ ತಿರುಳು ಹೀಗಿರಬೇಕು:

"01.09.2024ರಿಂದ 30.09.2024ರವರೆಗೆ ಗಳಿಕೆ ರಜೆ 30 ದಿನ. 01.10.2024ರಿಂದ 31.10.2024ರವರೆಗೆ ಅರ್ಧ ವೇತನ ರಜೆ 31 ದಿನ. 01.11.2024ರಿಂದ 30.04.2025ರವರೆಗೆ, ನಿಯಮ 32(1)ರ ಪ್ರಕಾರ, ವೈದ್ಯಕೀಯ ಪ್ರಮಾಣಪತ್ರವಿಲ್ಲದ ಅಸಾಧಾರಣ ರಜೆ 181 ದಿನ. ಕಾರಣ: ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ತಾಯಿಯ ಆರೈಕೆ. ಜನವರಿ 1ಕ್ಕೆ ಜಮೆಯಾಗುವ ರಜೆಯನ್ನು ಬಳಸಲು ಬೇರೆ ಅರ್ಜಿ ಸಲ್ಲಿಸುತ್ತೇನೆ."

ಜೊತೆಗೆ ತಾಯಿಯ ಆಸ್ಪತ್ರೆ ಕಾಗದದ ಪ್ರತಿ ಇಡಿ. ಕಾರಣಕ್ಕೆ ಆಧಾರವಾಗಿ, ಅಷ್ಟೇ.

ಸ್ವಂತ ಕಾಯಿಲೆ ಆದರೆ ನಮೂನೆ 1ರ ಜೊತೆ ವೈದ್ಯಕೀಯ ಪ್ರಮಾಣಪತ್ರದ ನಮೂನೆ. ಗೆಜೆಟೆಡ್ ಅಧಿಕಾರಿಗಳಿಗೆ ನಮೂನೆ 3, ಉಳಿದವರಿಗೆ ನಮೂನೆ 4. ಖಾಸಗಿ ವೈದ್ಯರ ಲೆಟರ್‌ಹೆಡ್ ಮೇಲೆ "ವಿಶ್ರಾಂತಿ ಬೇಕು" ಅಂತ ಬರೆಸಿ ತಂದರೆ ತಿರುಗಿ ಬರುವ ಸಾಧ್ಯತೆ ಹೆಚ್ಚು. ಸಿಜಿಎಚ್‌ಎಸ್ ಕಾರ್ಡ್ ಇದ್ದವರು ಅಲ್ಲಿಯ ವೈದ್ಯರಿಂದಲೇ ಶುರು ಮಾಡಿ. ಪ್ರಮಾಣಪತ್ರದಲ್ಲಿ ಎಷ್ಟು ದಿನ ಅಂತ ಬರೆದಿದೆಯೋ ಅರ್ಜಿಯಲ್ಲೂ ಅಷ್ಟೇ ದಿನ ಇರಲಿ. ಪ್ರಮಾಣಪತ್ರ ಮೂರು ತಿಂಗಳಿಗೆ, ಅರ್ಜಿ ನಾಲ್ಕು ತಿಂಗಳಿಗೆ ಇದ್ದರೆ ಕೊನೆಯ ಒಂದು ತಿಂಗಳು ಪ್ರಮಾಣಪತ್ರ ಇಲ್ಲದ ರಜೆ ಆಗಿಬಿಡುತ್ತದೆ. ವಾಪಸ್ ಬರುವಾಗ ನಮೂನೆ 5ರಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕೇ ಬೇಕು. ಅದಿಲ್ಲದೆ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ರಜೆ ಮುಗಿಯುವ ಹಿಂದಿನ ವಾರವೇ ಇದನ್ನು ಮಾಡಿಸಿಟ್ಟುಕೊಳ್ಳಿ.

ಇನ್ನೂ ಕಾಯಂ ಆಗದವರಿಗೆ ಮಿತಿ ಇದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಮೂರು ತಿಂಗಳು. ಒಂದು ವರ್ಷ ಸೇವೆ ಆಗಿದ್ದು ವೈದ್ಯಕೀಯ ಪ್ರಮಾಣಪತ್ರ ಇದ್ದರೆ ಆರು ತಿಂಗಳು. ಮೂರು ವರ್ಷ ಸೇವೆ ಆಗಿದ್ದು ಸಾರ್ವಜನಿಕ ಹಿತದ ವ್ಯಾಸಂಗ ಅಂತ ದೃಢೀಕರಣ ಇದ್ದರೆ 24 ತಿಂಗಳು. ಮಧ್ಯೆ ಬೇರೆ ರಜೆ ತುರುಕಿ ಎರಡು ಸಲ ಅಂತ ತೋರಿಸಲು ಆಗುವುದಿಲ್ಲ, ಎರಡನ್ನೂ ಒಂದೇ ಅಂತ ಹಿಡಿಯುತ್ತಾರೆ. ವ್ಯಾಸಂಗಕ್ಕೆ ಹೀಗೆ ಹೋಗುವವರು ನಮೂನೆ 6ರಲ್ಲಿ ಬಾಂಡ್ ಕೊಡಬೇಕು. ಇಬ್ಬರು ಕಾಯಂ ಸರ್ಕಾರಿ ನೌಕರರು ಜಾಮೀನು ನಿಲ್ಲಬೇಕು. ವಾಪಸ್ ಬಂದು ಮೂರು ವರ್ಷ ಕೆಲಸ ಮಾಡದೆ ಬಿಟ್ಟರೆ ಖರ್ಚನ್ನು ಬಡ್ಡಿ ಸಮೇತ ಕಟ್ಟಬೇಕು.

ಎಲ್ಲಿ ಕೈಕೊಡುತ್ತದೆ

ಅರ್ಜಿ ಕೊಟ್ಟು, ಆದೇಶ ಬರುವ ಮೊದಲೇ ಹೊರಟುಬಿಡುವುದು ಅತಿ ಸಾಮಾನ್ಯ ತಪ್ಪು. ತುರ್ತು ಇದ್ದರೆ ಹೋಗಲೇಬೇಕು ನಿಜ, ಆದರೆ ಆದೇಶ ಕೈಸೇರುವವರೆಗೆ ಹಿಂದೆ ಬಿದ್ದು ಕೇಳುತ್ತಿರಿ. ಮಂಜೂರಾಗದ ಗೈರುಹಾಜರಿ ರಜೆಯೇ ಅಲ್ಲ. ಆರ್ಥಿಕ ಉನ್ನತೀಕರಣಕ್ಕೆ, ಅಂದರೆ 10, 20, 30 ವರ್ಷದ ಎಂಎಸಿಪಿಗೆ, ಸರಿಯಾಗಿ ಮಂಜೂರಾದ ಎಲ್ಲ ರಜೆಯೂ ಸೇವೆಯಾಗಿ ಲೆಕ್ಕಕ್ಕೆ ಬರುತ್ತದೆ. ಅಸಾಧಾರಣ ರಜೆ ಸಹ. ಮಂಜೂರಾಗದ ದಿನಗಳು ಬರುವುದಿಲ್ಲ. ಹಳೆಯ ಗೈರುಹಾಜರಿಯನ್ನು ಹಿಂದಿನ ದಿನಾಂಕದಿಂದ ಅಸಾಧಾರಣ ರಜೆಯಾಗಿ ಪರಿವರ್ತಿಸಲು ನಿಯಮ 32(6) ಅಧಿಕಾರ ಕೊಡುತ್ತದೆ. ಆದರೆ ಅದು ಅಧಿಕಾರಿಯ ವಿವೇಚನೆ, ನಿಮ್ಮ ಹಕ್ಕಲ್ಲ.

ರಜೆ ಮುಗಿದ ಮೇಲೂ ಬಾರದೆ ಉಳಿದರೆ ಆ ದಿನಗಳಿಗೆ ಸಂಬಳ ಇಲ್ಲ. ಅರ್ಧ ವೇತನ ರಜೆ ಇದ್ದರೆ ಅದನ್ನೂ ಕಳೆದುಕೊಳ್ಳುತ್ತಾರೆ. ಶಿಸ್ತುಕ್ರಮವೂ ಬರಬಹುದು. ಸತತವಾಗಿ ಐದು ವರ್ಷ ಮೀರಿ ಗೈರಾದರೆ, ರಜೆ ಇದ್ದರೂ ಇಲ್ಲದಿದ್ದರೂ, ವಿವರಣೆ ಕೇಳಿ ರಾಜೀನಾಮೆ ಕೊಟ್ಟಂತೆ ಅಂತ ಪರಿಗಣಿಸುವ ನಿಯಮ ಇದೆ. ಗಂಡನ ಜೊತೆ ವಿದೇಶಕ್ಕೆ ಹೋಗಿ ವರ್ಷ ವರ್ಷ ಮುಂದುವರಿಸುವವರು ಈ ಗಡಿ ನೆನಪಿಡಬೇಕು. ರಜೆಯಲ್ಲಿದ್ದಾಗ ಪೂರ್ವಾನುಮತಿ ಇಲ್ಲದೆ ಬೇರೆ ಕಡೆ ಉದ್ಯೋಗ ಒಪ್ಪಿಕೊಳ್ಳುವಂತಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ.

ತಪ್ಪು ಬಗೆಯ ರಜೆ ಬರೆದು ಕೊಟ್ಟಿದ್ದರೆ ಸರಿಪಡಿಸಲು ಕಾಲಾವಕಾಶ ಕಡಿಮೆ. ಒಂದು ಬಗೆಯನ್ನು ಇನ್ನೊಂದಕ್ಕೆ ಬದಲಾಯಿಸುವ ಅರ್ಜಿ, ಆ ರಜೆ ಮುಗಿದ 30 ದಿನದೊಳಗೆ ಕಚೇರಿ ಸೇರಬೇಕು. ಬೇರೆ ಬಗೆಗೆ ಬೇಕಾದ ಅರ್ಹತೆ ರಜೆ ಪಡೆದಾಗಲೇ ಇರಬೇಕು.

ವಾಪಸ್ ಬಂದ ಮೇಲೆ ಸೇವಾ ಪುಸ್ತಕವನ್ನು ಕೇಳಿ ನೋಡಿ. ರಜೆಯ ದಿನಾಂಕ, ಅಸಾಧಾರಣ ರಜೆ ಪ್ರಮಾಣಪತ್ರದ ಮೇಲೋ ಇಲ್ಲದೆಯೋ, ಅರ್ಹ ಸೇವೆಗೆ ಸೇರುತ್ತದೋ ಇಲ್ಲವೋ ಅನ್ನುವ ಮೂರೂ ನಮೂದಾಗಿರಬೇಕು. ಗುಂಪು ವಿಮೆಯ ಕಂತು ರಜೆಯ ತಿಂಗಳಲ್ಲೂ ಬಾಕಿಯಾಗುತ್ತಲೇ ಇರುತ್ತದೆ. ಅದನ್ನು ಬಡ್ಡಿ ಸೇರಿಸಿ ಹೆಚ್ಚೆಂದರೆ ಮೂರು ಕಂತಿನಲ್ಲಿ ಮುರಿದುಕೊಳ್ಳುತ್ತಾರೆ. ಮೊದಲ ಸಂಬಳದ ಚೀಟಿಯಲ್ಲಿ ಹೆಚ್ಚುವರಿ ಕಡಿತ ಕಂಡರೆ ಗಾಬರಿಯಾಗಬೇಡಿ, ಅದೇ ಇರಬಹುದು.